ಕೊಟ್ಟ ಚೆಕ್ಕನ್ನು ಬ್ಯಾಂಕ್ ಎಲ್ಲಿಯವರೆಗೆ ತಡೆಯುತ್ತದೆ?

ಪ್ರಶ್ನೆ: ಸಾರ್, ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಹೋದ ವಾರ ಮದ್ದೂರು ಕಡೆಯವರೊಬ್ಬರಿಂದ ಹಳೇ ಗಾಣ ಒಂದನ್ನು ಎರಡು ಲಕ್ಷಕ್ಕೆ ತಗೊಂಡೆವು. ನಲವತ್ತು ಸಾವಿರ ಕೈಗೆ ಕೊಟ್ಟು, ಉಳಿದ 1,60,000ಕ್ಕೆ ಮುಂದಿನ ತಾರೀಖು ಹಾಕಿ ಚೆಕ್ ಬರೆದುಕೊಟ್ಟೆವು. ಆಪ್‌ನಲ್ಲಿ ಪಾಸಿಟಿವ್ ಪೇ ಕೂಡ ಹಾಕಿದ್ದೇನೆ. ಗಾಣ ಓಡಿಸಿ ನೋಡಿದರೆ ಒಂದು ರೋಲರ್ ಸೀಳಿದೆ. ಕೇಳಿದರೆ ಆ ಮನುಷ್ಯ ಫೋನೇ ಎತ್ತುತ್ತಿಲ್ಲ. ಬ್ಯಾಂಕಿಗೆ ಹೋದರೆ, "ಪಾಸಿಟಿವ್ ಪೇ ಆದ ಮೇಲೆ ನಿಲ್ಸೋಕಾಗಲ್ಲ, ಅದೂ ಅಲ್ದೆ ಸಹಿ ಹಾಕ್ದೋರೇ ಬರ್ಬೇಕು" ಅಂದರು. ಖಾತೆ ನನ್ನ ಮತ್ತು ಅಣ್ಣನ ಜಂಟಿ ಹೆಸರಲ್ಲಿದೆ. ಚೆಕ್ಕಿಗೆ ಸಹಿ ಹಾಕಿದ್ದು ಅಣ್ಣ, ಅವನು ಈಗ ಊರಲ್ಲಿಲ್ಲ. ಚೆಕ್ ತಾರೀಖಿಗೆ ಇನ್ನು ಒಂಬತ್ತು ದಿನ ಇದೆ. ನಿಲ್ಲಿಸಬಹುದಾ? ನಿಲ್ಲಿಸಿದರೆ ನಮ್ಮ ಮೇಲೆ ಕೇಸ್ ಬೀಳುತ್ತಾ?

ಉತ್ತರ: ನಿಲ್ಲಿಸಬಹುದು. ಕೌಂಟರಿನಲ್ಲಿ ನಿಮಗೆ ಹೇಳಿದ ಎರಡು ಮಾತೂ ಸರಿಯಲ್ಲ. ಕೇಸಿನ ವಿಚಾರ ಮಾತ್ರ ಅಷ್ಟು ಸಲೀಸಲ್ಲ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಬ್ಯಾಂಕಿನ ಕೆಲಸ ಮುಗಿಸೋಣ. ಒಂಬತ್ತು ದಿನ ಅಂದರೆ ಧಾರಾಳ ಅನ್ನಿಸಬಹುದು. ಆದರೆ ನನ್ನ ಮಾತು ಕೇಳಿದರೆ ನೀವು ಇದನ್ನು ನಾಳೆ ಬೆಳಿಗ್ಗೆಯೇ ಮುಗಿಸುತ್ತೀರಿ.

ಚೆಕ್ ಅಂದರೆ ಏನು ಅನ್ನೋದು ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ತಾನಾಗೇ ತಿಳಿಯುತ್ತದೆ. ಅದು ನೀವು ನಿಮ್ಮ ಬ್ಯಾಂಕಿಗೆ ಕೊಟ್ಟ ಅಪ್ಪಣೆ. "ಇಂಥವರಿಗೆ ಇಷ್ಟು ಹಣ ಕೊಡಿ" ಅಂತ. ಗಾಣ ಮಾರಿದವರ ಕೈಯಲ್ಲಿ ಆ ಕಾಗದ ಇದ್ದರೂ ಅಪ್ಪಣೆ ನಿಮ್ಮದೇ. ಹಣ ಕೊಟ್ಟು ಮುಗಿಯುವವರೆಗೆ ಅದನ್ನು ವಾಪಸ್ ತಗೊಳ್ಳುವ ಹಕ್ಕು ನಿಮಗಿದೆ. ವಾಪಸ್ ತಗೊಂಡ ಮೇಲೂ ಬ್ಯಾಂಕ್ ಹಣ ಕೊಟ್ಟರೆ, ನಿಮ್ಮ ಮಾತು ಮೀರಿ ನಿಮ್ಮ ಖಾತೆಯಿಂದ ತೆಗೆದ ಹಾಗಾಗುತ್ತದೆ. ಅದಕ್ಕೇ "ಯಾಕೆ ನಿಲ್ಲಿಸ್ತಿದ್ದೀರಿ" ಅಂತ ಬ್ಯಾಂಕ್ ಕೇಳಬಹುದು, ಫಾರಂನಲ್ಲಿ ಕಾರಣಕ್ಕೆ ಒಂದು ಸಾಲೂ ಇರುತ್ತದೆ. ಆದರೆ ನಿಮ್ಮ ಕಾರಣ ಸರಿಯೋ ತಪ್ಪೋ ಅಂತ ತೀರ್ಪು ಕೊಡುವುದು ಬ್ಯಾಂಕಿನ ಕೆಲಸ ಅಲ್ಲ. ಗಾಣದ ರೋಲರ್ ಸೀಳಿದೆಯೋ ಇಲ್ಲವೋ ಅನ್ನುವ ಜಗಳದೊಳಗೆ ಅವರು ಬರುವುದಿಲ್ಲ, ಬರಲೂಬಾರದು.

ಈಗ ಪಾಸಿಟಿವ್ ಪೇ ಗೊಂದಲ. ರಿಸರ್ವ್ ಬ್ಯಾಂಕ್ ಇದನ್ನು 2021ರ ಜನವರಿ 1ರಿಂದ ತಂದಿತು. ಐವತ್ತು ಸಾವಿರ ಮತ್ತು ಅದಕ್ಕಿಂತ ದೊಡ್ಡ ಚೆಕ್ ಬರೆದಾಗ ಚೆಕ್ ನಂಬರ್, ತಾರೀಖು, ಮೊತ್ತ, ಪಡೆಯುವವರ ಹೆಸರು ಇವನ್ನು ಬ್ಯಾಂಕಿಗೆ ಮೊದಲೇ ತಿಳಿಸಿಡುತ್ತೀರಿ. ಚೆಕ್ ಬಂದಾಗ ಬ್ಯಾಂಕ್ ಎರಡನ್ನೂ ತಾಳೆ ನೋಡುತ್ತದೆ. ಯಾರಾದರೂ 60,000ವನ್ನು 1,60,000 ಅಂತ ತಿದ್ದಿದ್ದರೆ ಸಿಕ್ಕಿಬೀಳಲಿ ಅಂತ ಇರುವ ಏರ್ಪಾಡು ಇದು, ಅಷ್ಟೇ. "ಈ ಹಣ ಕೊಟ್ಟೇ ಕೊಡುತ್ತೇನೆ" ಅಂತ ನೀವು ಅಲ್ಲಿ ಮಾತು ಕೊಟ್ಟಿಲ್ಲ. ಗೊಂದಲ ಎಲ್ಲಿಂದ ಬಂತು ಅಂದರೆ, ಒಂದು ಸಲ ಹಾಕಿದ ಪಾಸಿಟಿವ್ ಪೇ ವಿವರವನ್ನು ಆಮೇಲೆ ತಿದ್ದಲು, ಅಳಿಸಲು ಎಷ್ಟೋ ಬ್ಯಾಂಕಿನಲ್ಲಿ ಬಿಡುವುದಿಲ್ಲ. ಕೌಂಟರಿನಲ್ಲಿದ್ದವರು ಅದನ್ನೂ ಇದನ್ನೂ ಬೆರೆಸಿಕೊಂಡಿರಬೇಕು. ವಿವರ ಅಳಿಸಲಾಗದಿದ್ದರೆ ಬೇಡ, ಹಾಗೇ ಇರಲಿ. ಅದರ ಮೇಲೆ ಸ್ಟಾಪ್ ಪೇಮೆಂಟ್ ಹಾಕಬಹುದು.

ಅಷ್ಟೇ ಅಲ್ಲ, ನೀವು ಹಾಕಿದ ಆ ಪಾಸಿಟಿವ್ ಪೇ ನಿಮಗೆ ಈಗ ದೊಡ್ಡ ಉಪಕಾರ ಮಾಡುತ್ತದೆ. ಹೇಗೆ ಅಂತ ಸ್ವಲ್ಪ ಹೊತ್ತಿನಲ್ಲೇ ಹೇಳುತ್ತೇನೆ.

ಸಹಿ ಹಾಕಿದವರೇ ಬರಬೇಕು ಅನ್ನುವುದೂ ತಪ್ಪು ತಿಳಿವಳಿಕೆ. ಜಂಟಿ ಖಾತೆಯಲ್ಲಿ ಹಣ ತೆಗೆಯುವುದಕ್ಕೆ ಒಂದು ನಿಯಮ, ತಡೆಯುವುದಕ್ಕೆ ಇನ್ನೊಂದು. ಹಣ ತೆಗೆಯುವಾಗ ಯಾರ್ಯಾರ ಸಹಿ ಬೇಕು ಅನ್ನುವುದು ಖಾತೆ ತೆರೆಯುವಾಗ ನೀವು ಬರೆದುಕೊಟ್ಟ ಹಾಗೆ. ತಡೆಯುವುದಕ್ಕೆ ಮಾತ್ರ ಖಾತೆದಾರರಲ್ಲಿ ಯಾರಾದರೂ ಒಬ್ಬರು ಸಾಕು, ಚೆಕ್ಕಿಗೆ ಸಹಿ ಹಾಕಿದವರು ಬೇರೆಯವರೇ ಆಗಿದ್ದರೂ ಸರಿ. ಪಾಲುದಾರಿಕೆ ಅಂಗಡಿಗಳಲ್ಲೂ ಹೀಗೇ, ಒಬ್ಬ ಪಾಲುದಾರ ಬಂದು ನಿಲ್ಲಿಸಬಹುದು. ಇಬ್ಬರು ಖಾತೆದಾರರಲ್ಲಿ ಒಬ್ಬರಿಗೆ ಅನುಮಾನ ಬಂದರೂ ಹಣ ಹೊರಗೆ ಹೋಗದೆ ನಿಲ್ಲುವುದೇ ಕ್ಷೇಮ ಅನ್ನುವ ಲೆಕ್ಕಾಚಾರ ಇದರ ಹಿಂದೆ ಇದೆ. ತಡೆಯನ್ನು ತೆಗೆಯುವಾಗ ಮಾತ್ರ ಬ್ಯಾಂಕ್ ಬಿಗಿಯಾಗುತ್ತದೆ. ಆಗ ಎಲ್ಲ ಖಾತೆದಾರರ ಸಹಿ ಕೇಳುತ್ತಾರೆ. ಅಂದರೆ ನಾಳೆ ಗಾಣದವರ ಜೊತೆ ರಾಜಿಯಾಗಿ ಅದೇ ಚೆಕ್ಕನ್ನು ಬಿಡಿಸಬೇಕಾದರೆ ಅಣ್ಣ ಬರಲೇಬೇಕಾಗುತ್ತದೆ. ಅದರ ಬದಲು ಹಳೇ ಚೆಕ್ ವಾಪಸ್ ಪಡೆದು ಹೊಸದು ಬರೆದುಕೊಡುವುದು ಸುಲಭ.

ಇನ್ನು ನಂಬರ್ ವಿಚಾರ. ಸ್ಟಾಪ್ ಪೇಮೆಂಟ್ ಕೆಟ್ಟು ಹೋಗುವುದು ಹೆಚ್ಚಾಗಿ ಇಲ್ಲೇ. ನಾನು ಮೈಸೂರಿನ ಒಂದು ಶಾಖೆಯಲ್ಲಿ ಕ್ಲಿಯರಿಂಗ್, ಅಂದರೆ ಬೇರೆ ಬ್ಯಾಂಕುಗಳಿಂದ ಬಂದ ಚೆಕ್ ಪಾಸು ಮಾಡುವ ಕೆಲಸ ನೋಡಿಕೊಳ್ಳುತ್ತಿದ್ದಾಗ ನಡೆದದ್ದು ಹೇಳುತ್ತೇನೆ. ರೇಷ್ಮೆ ನೂಲಿನ ವ್ಯಾಪಾರಿಯೊಬ್ಬರು ಬಂದು ಒಂದು ಚೆಕ್ ನಿಲ್ಲಿಸಿ ಅಂದರು. ಚೆಕ್ ಬುಕ್ಕಿನ ಎಡಗಡೆ ಉಳಿಯುವ ತುಂಡಿನಲ್ಲಿ ಬರೆದುಕೊಂಡಿದ್ದ ನಂಬರನ್ನೇ ಪತ್ರದಲ್ಲಿ ಬರೆದಿದ್ದರು. ನಾನೇ ಕೂತು ಆ ನಂಬರನ್ನು ಕಂಪ್ಯೂಟರಿಗೆ ಹಾಕಿದೆ. ಎರಡು ದಿನದಲ್ಲಿ ಹಣ ಹೋಗಿಯೇ ಹೋಯಿತು. ನೋಡಿದರೆ, ಚೆಕ್ ಬರೆಯುವ ಅವಸರದಲ್ಲಿ ಎರಡು ಹಾಳೆ ಅಂಟಿಕೊಂಡು ಅವರು ಹರಿದುಕೊಟ್ಟದ್ದು ಮುಂದಿನ ಹಾಳೆ. ತುಂಡಿನಲ್ಲಿ ಕೊನೆಯ ಅಂಕಿ 7, ಕೊಟ್ಟ ಚೆಕ್ಕಿನಲ್ಲಿ 8. ನಾವು 7ನ್ನು ನಿಲ್ಲಿಸಿದ್ದೆವು, ಬಂದದ್ದು 8. ಕಂಪ್ಯೂಟರಿಗೆ ಹೆಸರು, ಮೊತ್ತ ಇದೆಲ್ಲ ಗೊತ್ತಾಗುವುದಿಲ್ಲ. ಅದು ಹಿಡಿಯುವುದು ಖಾತೆ ನಂಬರ್ ಮತ್ತು ಚೆಕ್ ನಂಬರ್ ಎರಡನ್ನೇ. ಅವರು ನಮ್ಮ ಮೇಲೆ ಕೂಗಾಡಿದರು, ಪಾಪ. ಆದರೆ ಬ್ಯಾಂಕಿನದು ತಪ್ಪು ಅನ್ನಲು ಬರುವಂತಿರಲಿಲ್ಲ.

ಇಂಥದ್ದು ನೂರು ವರ್ಷದ ಹಿಂದೆಯೇ ಕೋರ್ಟಿಗೆ ಹೋಗಿತ್ತು ಅಂತ ಆಮೇಲೆ ಓದಿದೆ. ಇಂಗ್ಲೆಂಡಿನಲ್ಲಿ ಹಿಲ್ಟನ್ ಅನ್ನುವವರು ಟೆಲಿಗ್ರಾಂ ಕೊಟ್ಟು ಚೆಕ್ ನಿಲ್ಲಿಸಿದರು, ನಂಬರ್ ಮಾತ್ರ ತಪ್ಪಾಗಿತ್ತು. ಬ್ಯಾಂಕ್ ಹಣ ಕೊಟ್ಟಿತು. 1926ರಲ್ಲಿ ಅಲ್ಲಿನ ದೊಡ್ಡ ಕೋರ್ಟ್ ಬ್ಯಾಂಕಿನ ತಪ್ಪಿಲ್ಲ ಅಂತ ಹೇಳಿತು. ಈಗಲೂ ಬ್ಯಾಂಕಿಂಗ್ ಪಾಠ ಹೇಳುವವರು ಈ ಕೇಸನ್ನು ಬಿಡುವುದಿಲ್ಲ.

ಹಾಗಾಗಿ ನಂಬರನ್ನು ನೆನಪಿನಿಂದ ಬರೆಯಬೇಡಿ, ಎಡತುಂಡಿನಿಂದಲೂ ಬರೆಯಬೇಡಿ. ಚೆಕ್ ಕೊಡುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದಿದ್ದರೆ ಅದನ್ನು ನೋಡಿ. ಚೆಕ್ಕಿನ ಕೆಳಗಡೆ ಬಿಳಿ ಪಟ್ಟಿಯಲ್ಲಿ ಸಾಲಾಗಿ ಅಂಕಿಗಳಿರುತ್ತವೆ. ಅದರಲ್ಲಿ ಎಡಗಡೆಯ ಮೊದಲ ಆರು ಅಂಕಿ ಚೆಕ್ ನಂಬರ್. ಅದರ ಪಕ್ಕದ ಒಂಬತ್ತು ಅಂಕಿ ಊರು, ಬ್ಯಾಂಕ್, ಶಾಖೆ ತಿಳಿಸುವುದು. ಎಷ್ಟೋ ಜನ ಅದನ್ನೇ ಚೆಕ್ ನಂಬರ್ ಅಂತ ಬರೆದು ತರುತ್ತಾರೆ. ಫೋಟೋ ಇಲ್ಲವಾ? ಆಪ್ ತೆಗೆದು ನೀವು ಹಾಕಿದ ಪಾಸಿಟಿವ್ ಪೇ ನೋಡಿ. ಚೆಕ್ಕನ್ನು ಮುಂದಿಟ್ಟುಕೊಂಡು ನೀವೇ ತುಂಬಿದ ನಂಬರ್, ತಾರೀಖು, ಹೆಸರು, ಮೊತ್ತ ಅಲ್ಲಿದೆ. ಉಪಕಾರ ಅಂದದ್ದು ಇದಕ್ಕೇ. ಅದರ ಜೊತೆ ಚೆಕ್ ಬುಕ್ ತೆಗೆದು, ಯಾವ ಹಾಳೆ ಇಲ್ಲ ಅಂತ ಒಂದು ಸಲ ಎಣಿಸಿಬಿಡಿ. ಎರಡೂ ತಾಳೆಯಾದರೆ ನಿಶ್ಚಿಂತೆ.

ಆಪ್ ಅಥವಾ ನೆಟ್ ಬ್ಯಾಂಕಿಂಗ್‌ನಲ್ಲಿ ಚೆಕ್ ಸೇವೆಗಳ ಒಳಗೆ ಸ್ಟಾಪ್ ಚೆಕ್ ಅಂತ ಇರುತ್ತದೆ. ನಿಮ್ಮ ಜಂಟಿ ಖಾತೆಗೆ ಅದು ತೆರೆದುಕೊಂಡರೆ ಅಲ್ಲೇ ಮಾಡಿ. ಹಾಕಿದ ಕ್ಷಣದಲ್ಲೇ ಬ್ಯಾಂಕಿನ ಕಂಪ್ಯೂಟರಿನಲ್ಲಿ ತಡೆ ಬೀಳುತ್ತದೆ, ಮಧ್ಯೆ ಯಾರ ಮೇಜಿನ ಮೇಲೂ ಕಾಗದ ಕಾಯುವುದಿಲ್ಲ. ಆಪ್‌ನಲ್ಲಿ ಆಗದಿದ್ದರೆ ಶಾಖೆಗೆ ಹೋಗಿ ಹೀಗೆ ಬರೆದುಕೊಡಿ:

"ನನ್ನ ಮತ್ತು ನನ್ನ ಅಣ್ಣನ ಜಂಟಿ ಖಾತೆ ನಂಬರ್ ಇಷ್ಟು. ಈ ಖಾತೆಯಿಂದ ಇಂಥವರ ಹೆಸರಿಗೆ ಇಂಥ ತಾರೀಖಿನ, ರೂ. 1,60,000 ಮೊತ್ತದ, ಇಂಥ ನಂಬರಿನ ಚೆಕ್ ಕೊಟ್ಟಿದ್ದೇವೆ. ಕೊಂಡ ಯಂತ್ರದಲ್ಲಿ ದೋಷವಿರುವುದರಿಂದ ಈ ಚೆಕ್ಕಿಗೆ ಹಣ ಪಾವತಿ ಮಾಡಬಾರದಾಗಿ ಕೋರುತ್ತೇನೆ. ಇದರ ಶುಲ್ಕವನ್ನು ಖಾತೆಯಿಂದ ಕಳೆದುಕೊಳ್ಳಬಹುದು."

ಎರಡು ಪ್ರತಿ ಮಾಡಿ. ಸಹಿ ಬ್ಯಾಂಕಿನಲ್ಲಿರುವ ನಿಮ್ಮ ಮಾದರಿ ಸಹಿಯ ಹಾಗೇ ಇರಲಿ. ಕಾರಣದ ಸಾಲು ಬ್ಯಾಂಕಿಗೆ ಬೇಕಿಲ್ಲ, ಆದರೂ ಬಿಡಬೇಡಿ. ಮುಂದೆ ಕೋರ್ಟಿಗೆ ಹೋದರೆ, ಮೊದಲ ದಿನದಿಂದಲೂ ನೀವು ಇದೇ ಮಾತು ಹೇಳುತ್ತಿದ್ದೀರಿ ಅನ್ನುವುದಕ್ಕೆ ಆ ಸಾಲೇ ಸಾಕ್ಷಿ. ನಿಮ್ಮ ಪ್ರತಿಯ ಮೇಲೆ ಶಾಖೆಯ ಸೀಲು, ಸಹಿ, ತಾರೀಖಿನ ಜೊತೆ ಗಂಟೆಯನ್ನೂ ಬರೆಸಿಕೊಳ್ಳಿ. "ಟೈಮ್ ಎಲ್ಲ ಯಾಕೆ" ಅಂತ ಗೊಣಗುತ್ತಾರೆ, ಬರೆಯುತ್ತಾರೆ. ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಜೊತೆಗೆ ಜಿಎಸ್‌ಟಿ ಇರುತ್ತದೆ. ಫೋನಿನಲ್ಲಿ ಹೇಳಿ ಬಿಟ್ಟುಬಿಡಬೇಡಿ. ಆ ಕಡೆ ಮಾತಾಡುತ್ತಿರುವುದು ಖಾತೆದಾರರೇ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಸೀಲು ಬಿದ್ದ ಪತ್ರ ಕೈಗೆ ಬಂದ ಮೇಲೂ ಒಂದು ಕೆಲಸ ಇದೆ. ಅಲ್ಲೇ ನಿಂತು, ತಡೆ ಕಂಪ್ಯೂಟರಿಗೆ ಹತ್ತಿತಾ ಅಂತ ಕೇಳಿ. ಆಪ್‌ನಲ್ಲಿ ಆ ಚೆಕ್ಕಿನ ಸ್ಥಿತಿ ತೆಗೆದು ನೀವೂ ನೋಡಿ. ಪತ್ರ ಟ್ರೇಯಲ್ಲಿ ಬಿದ್ದಿದ್ದರೆ ಅದರಿಂದ ಏನೂ ಪ್ರಯೋಜನ ಇಲ್ಲ. 1908ರಲ್ಲಿ ಇಂಗ್ಲೆಂಡಿನಲ್ಲೇ ಇನ್ನೊಂದು ಕೇಸ್ ನಡೆಯಿತು. ಕರ್ಟಿಸ್ ಅನ್ನುವವರ ಟೆಲಿಗ್ರಾಂ ಬ್ಯಾಂಕ್ ಮುಚ್ಚಿದ ಮೇಲೆ ಬಂದು ಅಂಚೆ ಡಬ್ಬಿಯೊಳಗೆ ಬಿತ್ತು. ಮಾರನೇ ದಿನ ಯಾರೂ ಅದನ್ನು ಗಮನಿಸಲಿಲ್ಲ, ಚೆಕ್ ಪಾಸಾಯಿತು. ಬ್ಯಾಂಕಿನ ಗಮನಕ್ಕೆ ನಿಜವಾಗಿ ಬಾರದ ತಡೆ ತಡೆಯೇ ಅಲ್ಲ ಅಂತ ಕೋರ್ಟ್ ಹೇಳಿತು. ಈಗ ಅಂಚೆ ಡಬ್ಬಿಯ ಜಾಗದಲ್ಲಿ ಟ್ರೇ ಇದೆ.

ಇಷ್ಟೊಂದು ಅವಸರ ಯಾಕೆ, ತಾರೀಖು ದೂರ ಇದೆಯಲ್ಲ ಅಂತ ಕೇಳಬಹುದು. ನಿಜ, ಚೆಕ್ಕಿನ ತಾರೀಖಿಗೆ ಮುಂಚೆ ಬ್ಯಾಂಕ್ ಹಣ ಕೊಡುವಂತಿಲ್ಲ. ಗಾಣದವರು ಈಗಲೇ ಹಾಕಿದರೆ ತಾರೀಖು ಮುಂದಿದೆ ಅಂತ ವಾಪಸ್ ಬರುತ್ತದೆ. ಆದರೆ ಆ ತಾರೀಖಿನ ಬೆಳಿಗ್ಗೆ ಹೋಗಿ ನಿಲ್ಲಿಸುತ್ತೇನೆ ಅಂದುಕೊಂಡರೆ ಕಷ್ಟ. ಮೊದಲು ಚೆಕ್ ಕ್ಲಿಯರಿಂಗಿಗೆ ಹೋಗಿ ಹಣ ಬರಲು ಒಂದೆರಡು ದಿನ ಹಿಡಿಯುತ್ತಿತ್ತು. ಬೆಳಿಗ್ಗೆ ಹೋದ ಚೆಕ್ಕನ್ನು ಮಧ್ಯಾಹ್ನ ನಿಲ್ಲಿಸಿದವರನ್ನೂ ನಾನು ನೋಡಿದ್ದೇನೆ. 2025ರ ಅಕ್ಟೋಬರ್ 4ರಿಂದ ಆಟ ಬದಲಾಗಿದೆ. ಈಗ ಚೆಕ್ಕುಗಳು ಕಟ್ಟು ಕಟ್ಟಾಗಿ ಕಾಯುವುದಿಲ್ಲ. ಮದ್ದೂರಿನ ಶಾಖೆಯಲ್ಲಿ ಹಾಕಿದ ಚೆಕ್ಕನ್ನು ಅವರು ಸ್ಕ್ಯಾನ್ ಮಾಡಿದ ಕೂಡಲೇ ಅದರ ಚಿತ್ರ ನಿಮ್ಮ ಬ್ಯಾಂಕಿನ ಕಡೆ ಹೊರಡುತ್ತದೆ. ನಿಮ್ಮ ಬ್ಯಾಂಕ್ ಅದೇ ದಿನ ಸಂಜೆ ಏಳರೊಳಗೆ ಕೊಡುತ್ತೇವೆ ಅಥವಾ ಕೊಡುವುದಿಲ್ಲ ಅಂತ ಹೇಳಬೇಕು. ಏನೂ ಹೇಳದಿದ್ದರೆ ಒಪ್ಪಿದ್ದಾರೆ ಅಂತಲೇ ಲೆಕ್ಕ.

ಇನ್ನೊಂದು ಸೂಕ್ಷ್ಮ ಇದೆ. ಆ ಚಿತ್ರ ಹೋಗುವುದು ಮಂಡ್ಯದ ನಿಮ್ಮ ಶಾಖೆಗೆ ಅಲ್ಲ. ಬ್ಯಾಂಕುಗಳು ಚೆಕ್ ಪಾಸು ಮಾಡುವ ಕೆಲಸವನ್ನು ಒಂದು ಕಡೆ ಸೇರಿಸಿಟ್ಟಿವೆ. ಎಲ್ಲೋ ಕೂತ ಒಬ್ಬರು ಪರದೆಯ ಮೇಲೆ ಸಹಿ, ತಾರೀಖು, ಪಾಸಿಟಿವ್ ಪೇ, ಖಾತೆಯಲ್ಲಿರುವ ಹಣ, ತಡೆ ಇದೆಯಾ ಅಂತ ನೋಡಿ ಮುಂದಕ್ಕೆ ತಳ್ಳುತ್ತಾರೆ. ನಿಮ್ಮ ಮ್ಯಾನೇಜರ್ ಎಷ್ಟೇ ಪರಿಚಯದವರಾಗಿದ್ದರೂ "ಆ ಚೆಕ್ ಬಂದರೆ ನೋಡ್ಕೋತೀನಿ ಬಿಡಿ" ಅನ್ನುವ ಮಾತು ಈಗ ನಡೆಯುವುದಿಲ್ಲ. ಆ ಚೆಕ್ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನು ಗಾಣದವರ ಖಾತೆಯೂ ನಿಮ್ಮದೇ ಬ್ಯಾಂಕಿನಲ್ಲಿದ್ದರಂತೂ ಕ್ಲಿಯರಿಂಗೇ ಇಲ್ಲ. ಕೌಂಟರಿನಲ್ಲಿ ಕೊಟ್ಟ ಹತ್ತು ನಿಮಿಷದಲ್ಲಿ ಇಲ್ಲಿಂದ ಅಲ್ಲಿಗೆ ಹಣ ದಾಟಿರುತ್ತದೆ.

ಹಣ ದಾಟಿದ ಮೇಲೆ ಯಾವ ಬ್ಯಾಂಕೂ ಸ್ಟಾಪ್ ಪೇಮೆಂಟ್ ತಗೊಳ್ಳುವುದಿಲ್ಲ. ತಡೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಬ್ಯಾಂಕ್ ನ್ಯಾಯವಾಗಿಯೇ ಇಲ್ಲ ಅನ್ನುವ ಇನ್ನೆರಡು ಸಂದರ್ಭ ಇವೆ. ಒಂದು, ಚೆಕ್ ಪಡೆದವರು ಬಂದು "ಕಳೆದುಹೋಗಿದೆ, ನಿಲ್ಲಿಸಿ" ಅಂದಾಗ. ಅಪ್ಪಣೆ ಕೊಟ್ಟವರು ಬರೆದವರು, ಅವರೇ ಬಂದು ನಿಲ್ಲಿಸಬೇಕು. ಇನ್ನೊಂದು ಡಿಡಿ ಮತ್ತು ಬ್ಯಾಂಕರ್ಸ್ ಚೆಕ್. ಸೈಟಿಗೆ ಮುಂಗಡ ಅಂತ ಡಿಡಿ ಕೊಟ್ಟು, ಆಮೇಲೆ ಕಾಗದಪತ್ರ ಸರಿಯಿಲ್ಲ ಅಂತ ಗೊತ್ತಾಗಿ ಬ್ಯಾಂಕಿಗೆ ಓಡಿಬರುವವರು ಮೈಸೂರಿನಲ್ಲಿ ಕಡಿಮೆ ಏನಿಲ್ಲ. ಅದು ಬ್ಯಾಂಕೇ ಕೊಟ್ಟ ಮಾತು. ನೀವು ಹಣ ಕಟ್ಟಿ ಕೊಂಡಿರಬಹುದು, ಆದರೆ ಪಡೆಯುವವರ ಕೈ ಸೇರಿದ ಮೇಲೆ ನಿಮ್ಮ ಮಾತಿಗೆ ಅದು ನಿಲ್ಲುವುದಿಲ್ಲ. ಕೋರ್ಟಿನಿಂದ ತಡೆ ತರಬೇಕಾಗುತ್ತದೆ. ನೀವು ಚೆಕ್ ಕೊಟ್ಟದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು.

ಎಲ್ಲ ಸರಿಯಾಗಿ ಕೊಟ್ಟ ಮೇಲೂ ಬ್ಯಾಂಕ್ ಹಣ ಬಿಟ್ಟುಬಿಟ್ಟರೆ, ಆ ಗಂಟೆ ಬರೆಸಿದ ಪ್ರತಿ ಹಿಡಿದು ಬರವಣಿಗೆಯಲ್ಲಿ ದೂರು ಕೊಡಿ, ಹಣ ವಾಪಸ್ ಖಾತೆಗೆ ಹಾಕಿ ಅಂತ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಅದಕ್ಕೆ ಖರ್ಚಿಲ್ಲ. ನಾಳೆ ಅದೇ ಕೌಂಟರಿನಲ್ಲಿ ಮತ್ತೆ ಆಗಲ್ಲ ಅಂದರೂ ಜಗಳಕ್ಕೆ ಹೋಗಬೇಡಿ. "ತಗೊಳ್ಳೋಕಾಗಲ್ಲ ಅಂತ ಇದರ ಮೇಲೇ ಬರೆದುಕೊಡಿ" ಅಂತ ಮೆಲ್ಲಗೆ ಕೇಳಿ. ನನ್ನ ಅನುಭವದಲ್ಲಿ ಅಷ್ಟು ಕೇಳಿದ ಮೇಲೆ ಪತ್ರ ತಗೊಳ್ಳದೆ ಇದ್ದವರು ಕಡಿಮೆ.

ಈಗ ಕೇಸಿನ ಮಾತು. ಸ್ಟಾಪ್ ಪೇಮೆಂಟ್ ಚೆಕ್ಕನ್ನು ತಡೆಯುತ್ತದೆ, ಸಾಲವನ್ನಲ್ಲ. ನೀವು ಕೊಡಬೇಕಾದ ಹಣ ಇದ್ದರೆ ಅದು ಹಾಗೇ ಇರುತ್ತದೆ. "ಬೌನ್ಸ್ ಆದರೆ ತಾನೇ ಕೇಸು, ನಾವು ನಿಲ್ಲಿಸಿದ್ದೀವಲ್ಲ" ಅಂತ ನಮ್ಮ ಕಡೆ ಬಹಳ ಜನ ಅಂದುಕೊಂಡಿದ್ದಾರೆ. ಅದು ಸರಿಯಲ್ಲ. 1998ರಲ್ಲಿ ಮೋದಿ ಸಿಮೆಂಟ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ನಿಲ್ಲಿಸಿದ ಚೆಕ್ಕಿಗೂ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಂ ಅನ್ವಯಿಸುತ್ತದೆ ಅಂತ ಹೇಳಿತು. ಇಲ್ಲದಿದ್ದರೆ ಖಾತೆಯಲ್ಲಿ ದುಡ್ಡಿಲ್ಲದವರೆಲ್ಲ ಹಿಂದಿನ ದಿನ ಹೋಗಿ ನಿಲ್ಲಿಸಿ ತಪ್ಪಿಸಿಕೊಳ್ಳುತ್ತಿದ್ದರು, ಅಲ್ವಾ? ಅಪರಾಧ ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಆಗಬಹುದು.

ಆದರೆ 2001ರಲ್ಲಿ ಎಂಎಂಟಿಸಿ ಕೇಸಿನಲ್ಲಿ ಅದೇ ಕೋರ್ಟ್ ನಿಮ್ಮಂಥವರಿಗೆ ದಾರಿ ಬಿಟ್ಟಿದೆ. ಚೆಕ್ ಬಂದಾಗ ಖಾತೆಯಲ್ಲಿ ಸಾಕಷ್ಟು ಹಣ ಇತ್ತು, ನಿಲ್ಲಿಸಿದ್ದು ಬೇರೆ ನ್ಯಾಯವಾದ ಕಾರಣಕ್ಕೆ, ಆಗ ಕೊಡಬೇಕಾದ ಬಾಕಿ ಇರಲಿಲ್ಲ ಅಂತ ತೋರಿಸಿದರೆ ಅಪರಾಧ ಆಗುವುದಿಲ್ಲ. ತೋರಿಸುವ ಹೊಣೆ ಮಾತ್ರ ನಿಮ್ಮದು. ಚೆಕ್ ಕೊಟ್ಟಿದ್ದೀರಿ ಅಂದರೆ ಸಾಲಕ್ಕೇ ಕೊಟ್ಟಿದ್ದೀರಿ ಅಂತ ಕಾನೂನು ಮೊದಲೇ ಊಹಿಸಿಕೊಂಡು ಕೂತಿರುತ್ತದೆ.

ಹಾಗಾಗಿ ಚೆಕ್ ನಿಲ್ಲಿಸಿದ ಮೇಲೂ ಆ 1,60,000 ಖಾತೆಯಲ್ಲೇ ಇರಲಿ. ಬೆಲ್ಲದ ಸೀಸನ್ನು, ಕಬ್ಬಿನವರಿಗೆ, ಆಳುಗಳಿಗೆ ಕೊಡಬೇಕು, ಕಷ್ಟ ಅಂತ ನನಗೆ ಗೊತ್ತು. ಆದರೂ ಚೆಕ್ ಬಂದ ದಿನ ಖಾತೆಯಲ್ಲಿ ನಾಲ್ಕು ಸಾವಿರ ಇದ್ದರೆ ರೋಲರ್ ಸೀಳಿದ ಕಥೆಯನ್ನು ಯಾರೂ ನಂಬುವುದಿಲ್ಲ. ಚೆಕ್ಕಿನ ಆಯುಸ್ಸು ಅದರ ತಾರೀಖಿನಿಂದ ಮೂರು ತಿಂಗಳು, ಅಷ್ಟರೊಳಗೆ ಅವರು ಮತ್ತೆ ಮತ್ತೆ ಹಾಕಬಹುದು. ಅಲ್ಲಿಯವರೆಗೆ ಖಾತೆಯಲ್ಲಿರುವ ಹಣ ಇಳಿಯದ ಹಾಗೆ ನೋಡಿಕೊಂಡು, ಆಮೇಲೆ ಸ್ಟೇಟ್‌ಮೆಂಟ್ ತೆಗೆಸಿಡಿ.

ನಿಮ್ಮ ಕೇಸಿನ ನಿಜವಾದ ತೂಕ ಇರುವುದು ಗಾಣದ ವ್ಯವಹಾರದಲ್ಲಿ. ಮಾಲೇ ಬಾರದೆ, ಆರ್ಡರ್ ರದ್ದಾದಾಗ ಮುಂಗಡದ ಚೆಕ್ ನಿಲ್ಲಿಸಿದ್ದರೆ 138 ಬರುವುದಿಲ್ಲ ಅಂತ 2014ರಲ್ಲಿ ಇಂಡಸ್ ಏರ್‌ವೇಸ್ ಕೇಸಿನಲ್ಲಿ ತೀರ್ಪಾಗಿದೆ. ನಿಮ್ಮದು ಅಷ್ಟು ನೇರ ಅಲ್ಲ, ಗಾಣ ನಿಮ್ಮ ಆಲೆಮನೆಗೆ ಬಂದು ಇಳಿದಿದೆ. ಮಾಲನ್ನು ಇಟ್ಟುಕೊಂಡು ಸಕಾಲದಲ್ಲಿ ಬೇಡ ಅಂತ ತಿಳಿಸದಿದ್ದರೆ ಒಪ್ಪಿಕೊಂಡ ಹಾಗೆ ಅಂತ 1930ರ ಸರಕು ಮಾರಾಟ ಕಾಯಿದೆ ಹೇಳುತ್ತದೆ. ಅದೇ ಕಾಯಿದೆ, ಮಾಲು ಹೇಳಿದ ಹಾಗಿಲ್ಲದಿದ್ದರೆ ಬೆಲೆಯಲ್ಲಿ ಕಡಿತ ಕೇಳುವ ಹಕ್ಕನ್ನೂ ಕೊಡುತ್ತದೆ. ಗಾಣ ವಾಪಸ್ ಕೊಡುತ್ತೀರಾ, ಇಟ್ಟುಕೊಂಡು ರೋಲರಿನ ಖರ್ಚು ಮುರಿದುಕೊಳ್ಳುತ್ತೀರಾ, ಇದನ್ನು ಮೊದಲು ನೀವು ಅಣ್ಣನ ಜೊತೆ ಮಾತಾಡಿ ಗಟ್ಟಿ ಮಾಡಿಕೊಳ್ಳಿ. ಗಾಣವನ್ನು ದಿನಾ ಓಡಿಸುತ್ತಾ, ಬೆಲ್ಲ ತೆಗೆಯುತ್ತಾ, "ಪೂರ್ತಿ ಹಣ ಕೊಡಲ್ಲ" ಅಂದರೆ ಯಾವ ಕೋರ್ಟಿಗೂ ಹಿಡಿಸುವುದಿಲ್ಲ. ಕೊಳ್ಳುವಾಗ "ಇದ್ದ ಹಾಗೇ ತಗೋತೀವಿ" ಅಂತ ಎಲ್ಲಾದರೂ ಬರೆದುಕೊಟ್ಟಿದ್ದೀರಾ ಅಂತಲೂ ನೋಡಿ. ಕೊಟ್ಟಿದ್ದರೆ ನಿಮ್ಮ ಕೈ ಅಷ್ಟು ಸಡಿಲ.

ಇವತ್ತೇ ರೋಲರಿನ ಫೋಟೋ, ಓಡಿಸುವಾಗಿನ ವಿಡಿಯೋ ತೆಗೆಯಿರಿ. ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಏನಾಗಿದೆ, ಸರಿಮಾಡಲು ಎಷ್ಟು ಬೀಳುತ್ತದೆ ಅಂತ ಬರೆಸಿ. ಗಾಣದವರು ಫೋನ್ ಎತ್ತದಿದ್ದರೇನು, ವಾಟ್ಸ್ಆಪ್ ಹಾಕಿ, ಅದರ ಜೊತೆ ಸ್ಪೀಡ್ ಪೋಸ್ಟಿನಲ್ಲಿ ಪತ್ರವನ್ನೂ ಕಳಿಸಿ: ಗಾಣದಲ್ಲಿ ಇಂಥ ದೋಷ ಇದೆ, ಅದಕ್ಕೆ ಚೆಕ್ ನಿಲ್ಲಿಸಿದ್ದೇವೆ, ಬ್ಯಾಂಕಿಗೆ ಹಾಕಬೇಡಿ, ಬಂದು ಮಾತಾಡಿ ಅಂತ. ಈ ಪತ್ರ ಚೆಕ್ಕಿನ ತಾರೀಖಿಗೆ ಮುಂಚೆ ಅವರ ಕೈ ಸೇರಬೇಕು. ಚೆಕ್ ವಾಪಸಾದ ಮೇಲೆ ಬರೆದ ಪತ್ರವನ್ನು ವಕೀಲರು ಆಮೇಲೆ ಹುಟ್ಟಿದ ಕಥೆ ಅಂತಾರೆ.

ಅವರು ಆದರೂ ಚೆಕ್ ಹಾಕಿದರೆ "ಬರೆದವರು ಪಾವತಿ ನಿಲ್ಲಿಸಿದ್ದಾರೆ" ಅನ್ನುವ ಮೆಮೊ ಜೊತೆ ವಾಪಸ್ ಹೋಗುತ್ತದೆ. ಅಲ್ಲಿಂದ 30 ದಿನದೊಳಗೆ ಅವರು ನಿಮಗೆ ನೋಟಿಸ್ ಕೊಡಬೇಕು. ಚೆಕ್ಕಿಗೆ ಸಹಿ ಅಣ್ಣನದಾದ್ದರಿಂದ ನೋಟಿಸ್ ಅಣ್ಣನ ಹೆಸರಿಗೇ ಬರುವುದು, ಕೇಸೂ ಅವರ ಮೇಲೇ. ಮನೆಯಲ್ಲಿ ಇದನ್ನು ಈಗಲೇ ಹೇಳಿಡಿ. ಟಪಾಲು ಬಂದಾಗ ಅಣ್ಣ ಊರಲ್ಲಿಲ್ಲ ಅಂತ ಹಿಂದಕ್ಕೆ ಕಳಿಸಿದರೆ ಏನೂ ಲಾಭ ಇಲ್ಲ. ಸರಿಯಾದ ವಿಳಾಸಕ್ಕೆ ಬಂದ ನೋಟಿಸು ತಲುಪಿದೆ ಅಂತಲೇ ಕೋರ್ಟು ಸಾಮಾನ್ಯವಾಗಿ ಹಿಡಿಯುತ್ತದೆ. ತಲುಪಿದ ದಿನದಿಂದ 15 ದಿನ ನಿಮ್ಮ ಕೈಯಲ್ಲಿರುತ್ತದೆ. ಅಷ್ಟರೊಳಗೆ ಹಣ ಕೊಟ್ಟರೆ ಕೇಸೇ ಹುಟ್ಟುವುದಿಲ್ಲ. ಕೊಡುವುದಿಲ್ಲ ಅಂದರೆ ಮಂಡ್ಯದಲ್ಲೇ ಒಬ್ಬ ವಕೀಲರನ್ನು ಹಿಡಿದು, ಮೆಕ್ಯಾನಿಕ್ ಬರೆದ ಚೀಟಿ ಮತ್ತು ನಿಮ್ಮ ಪತ್ರದ ಪ್ರತಿ ಲಗತ್ತಿಸಿ ಉತ್ತರ ಕೊಡಿಸಿ. ಆ 15 ದಿನ ಕಳೆದ ಮೇಲೆ ಒಂದು ತಿಂಗಳೊಳಗೆ ಅವರು ಕೋರ್ಟಿಗೆ ಹೋಗಬಹುದು.

ನನ್ನನ್ನು ಕೇಳಿದರೆ ಆ 15 ದಿನದವರೆಗೆ ಹೋಗುವ ಮುಂಚೆಯೇ ನಡುವೆ ಯಾರಾದರೂ ಹಿರಿಯರನ್ನು ಕೂರಿಸಿ ಲೆಕ್ಕ ಮುಗಿಸುವುದು ಮೇಲು. ಮೆಕ್ಯಾನಿಕ್ ರೋಲರ್ ಸರಿಮಾಡಲು ಮೂವತ್ತೈದು ಸಾವಿರ ಅಂದರು ಅಂದುಕೊಳ್ಳಿ. ಆಗ 1,25,000ಕ್ಕೆ ಹೊಸ ಚೆಕ್ ಬರೆಯಿರಿ. ಹಳೇ ಚೆಕ್ಕನ್ನು ಕೈಗೆ ಈಸಿಕೊಂಡು, ಇನ್ನು ಬಾಕಿ ಇಲ್ಲ ಅಂತ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಂಡ ಮೇಲೆಯೇ ಹೊಸದನ್ನು ಕೊಡಿ. ಹಳೇದು ಕೈಗೆ ಬಂದರೂ ಅದರ ಮೇಲಿನ ತಡೆಯನ್ನು ತೆಗೆಸುವ ಗೋಜಿಗೆ ಹೋಗಬೇಡಿ, ಸುಮ್ನೆ ಇರಲಿ. ಹೊಸ ಚೆಕ್ಕಿಗೆ ಪಾಸಿಟಿವ್ ಪೇ ಹಾಕುವುದನ್ನು ಮಾತ್ರ ಮರೆಯಬೇಡಿ, ಮೊತ್ತ ಐವತ್ತು ಸಾವಿರದ ಮೇಲಿದೆ.